ಕೋತಿಯ ಕೈಯಿಂದ ಮನುಷ್ಯನ ಮರುಕದವರೆಗೆ: ಮಿರರ್ ನ್ಯೂರಾನ್ ಎಷ್ಟು ದೂರ ಬರುತ್ತದೆ?

ಹೋದ ವರ್ಷ ಒಂದು ಶಾಲೆಯಲ್ಲಿ ಪೋಷಕರಿಗಾಗಿ ನಡೆದ ಕಾರ್ಯಾಗಾರಕ್ಕೆ ಹೋಗಿದ್ದೆ. ಭಾಷಣಕಾರರು ಪರದೆ ಮೇಲೆ ಒಂದು ಮಿದುಳಿನ ಚಿತ್ರ ಹಾಕಿದರು. ಕೆಳಗೆ ದೊಡ್ಡ ಅಕ್ಷರದಲ್ಲಿ ಹೀಗಿತ್ತು: 'ಮಗು ನಿಮ್ಮನ್ನು ನೋಡಿ ಕಲಿಯುತ್ತದೆ, ಯಾಕೆಂದರೆ ಅದರ ತಲೆಯಲ್ಲಿ ಮಿರರ್ ನ್ಯೂರಾನ್ ಇವೆ.' ನೀವು ನಕ್ಕರೆ ಮಗು ನಗುತ್ತದೆ, ನೀವು ಮೊಬೈಲ್ ಹಿಡಿದರೆ ಮಗು ಮೊಬೈಲ್ ಹಿಡಿಯುತ್ತದೆ, ನೀವು ಅತ್ತರೆ ಅದರ ಕಣ್ಣಲ್ಲೂ ನೀರು. ತಾನು ಮಾಡಿದಾಗಲೂ ಬೇರೆಯವರು ಮಾಡುವುದನ್ನು ನೋಡಿದಾಗಲೂ ಮಿಡಿಯುವ ಆ ನರಕೋಶವೇ ಎಲ್ಲಕ್ಕೂ ಕಾರಣವಂತೆ. ಹಾಲ್‌ನಲ್ಲಿದ್ದವರೆಲ್ಲ ತಲೆ ಆಡಿಸಿದರು. ಪಕ್ಕದಲ್ಲಿ ಕೂತಿದ್ದವರು ಅದನ್ನು ಫೋಟೋ ಹೊಡೆದುಕೊಂಡು ಮನೆಯ ಗ್ರೂಪಿಗೆ ಹಾಕಿಯೇಬಿಟ್ಟರು.

ಆ ವಾಕ್ಯದ ಮೊದಲರ್ಧ ನಮ್ಮ ಅಜ್ಜಿಗೂ ಗೊತ್ತಿತ್ತು. ಜಗಳ ಇರುವುದು 'ಯಾಕೆಂದರೆ' ಎಂಬಲ್ಲಿ. ಆ ಒಂದು ಪದದ ಹಿಂದೆ ಇಟಲಿಯ ಒಂದು ಲ್ಯಾಬ್ ಇದೆ, ಕೆಲವು ಕೋತಿಗಳಿವೆ, ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದ ವಾದ ಇದೆ.

ಲ್ಯಾಬ್ ಇದ್ದದ್ದು ಪಾರ್ಮಾ ಊರಿನ ವಿಶ್ವವಿದ್ಯಾಲಯದಲ್ಲಿ. ಜಾಕೊಮೊ ರಿಝೊಲಾಟಿ ಅದರ ಮುಖ್ಯಸ್ಥರು. ಅವರ ಗುಂಪು ಮಿರರ್ ನ್ಯೂರಾನ್ ಹುಡುಕಲು ಹೊರಟಿರಲೇ ಇಲ್ಲ. ಅವರಿಗೆ ಬೇಕಿದ್ದದ್ದು ಕೈ ಹೇಗೆ ವಸ್ತುವನ್ನು ಹಿಡಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ. ದ್ರಾಕ್ಷಿಯನ್ನು ಎರಡು ಬೆರಳಲ್ಲಿ ಎತ್ತುತ್ತೇವೆ, ಸೇಬನ್ನು ಇಡೀ ಅಂಗೈಯಲ್ಲಿ ಹಿಡಿಯುತ್ತೇವೆ. ಈ ಆಯ್ಕೆಯಲ್ಲಿ ಪಾಲುಗೊಳ್ಳುವ ಒಂದು ಜಾಗ ಮಕಾಕ್ ಕೋತಿಯ ಮಿದುಳಿನ ಮುಂಭಾಗದಲ್ಲಿದೆ. ಅದನ್ನು ಎಫ್-5 ಎನ್ನುತ್ತಾರೆ. ಅಂದಹಾಗೆ, ಮಕಾಕ್ ಅಂದರೆ ದೂರದ ಪ್ರಾಣಿ ಅಂದುಕೊಳ್ಳಬೇಡಿ. ಚಾಮುಂಡಿ ಬೆಟ್ಟದಲ್ಲಿ ನಿಮ್ಮ ಕೈಯಿಂದ ಬಾಳೆಹಣ್ಣು ಕಸಿಯುವ ಕೋತಿಯೂ ಅದೇ ಕುಲದ್ದು. ಪಾರ್ಮಾದಲ್ಲಿದ್ದದ್ದು ಅದರ ದಾಯಾದಿ, ಹಂದಿಯಂತೆ ಗಿಡ್ಡ ಬಾಲದ್ದು.

ಪ್ರಯೋಗ ನಡೆಯುವ ಬಗೆ ಹೀಗೆ. ಕೂದಲಿಗಿಂತ ತೆಳುವಾದ ತುದಿಯುಳ್ಳ ಲೋಹದ ತಂತಿಯನ್ನು ಎಫ್-5 ಒಳಗೆ ಇಳಿಸುತ್ತಾರೆ. ಅದು ಒಂದೊಂದೇ ನರಕೋಶದ ವಿದ್ಯುತ್ ಮಿಡಿತವನ್ನು ಹಿಡಿಯುತ್ತದೆ. ಆ ಮಿಡಿತವನ್ನು ಸ್ಪೀಕರಿಗೆ ಕೊಟ್ಟರೆ 'ಟಕ್, ಟಕ್' ಅಂತ ಕೇಳುತ್ತದೆ. ಕೋತಿ ಆಹಾರ ಎತ್ತಿದಾಗ ಕೆಲವು ಕೋಶಗಳು 'ಟಕಟಕಟಕ' ಎನ್ನುತ್ತವೆ. ಅದು ನಿರೀಕ್ಷಿಸಿದ್ದೇ. ಆದರೆ ಪ್ರಯೋಗದ ನಡುವೆ ಸಂಶೋಧಕರೇ ತಟ್ಟೆಯ ಆಹಾರ ಎತ್ತಿದಾಗಲೂ, ಕೋತಿ ಕೈ ಅಲ್ಲಾಡಿಸದೆ ಕೂತಿದ್ದರೂ, ಕೆಲವು ಕೋಶಗಳು ಟಕಟಕ ಎಂದವು. 1992ರಲ್ಲಿ ಇದರ ಮೊದಲ ವರದಿ ಬಂತು. 1996ರಲ್ಲಿ ವಿವರವಾದ ಪ್ರಬಂಧ ಬಂತು. 'ಮಿರರ್ ನ್ಯೂರಾನ್' ಎಂಬ ಹೆಸರು ಜನರ ಬಾಯಿಗೆ ಹತ್ತಿದ್ದು ಆಮೇಲೆ.

ಆ 1996ರ ಪ್ರಬಂಧದ ಒಂದು ಕೋಶವನ್ನು ಹತ್ತಿರದಿಂದ ನೋಡೋಣ. ಮುಂದಿನ ಇಡೀ ವಾದ ಅದರ ಮೇಲೆ ನಿಂತಿದೆ. ಸಂಶೋಧಕ ಒಂದು ಟ್ರೇ ಮೇಲೆ ಆಹಾರದ ತುಣುಕು ಇಡುತ್ತಾನೆ. ಕೋತಿ ನೋಡುತ್ತಿದೆ. ಕೋಶ ಸುಮ್ಮನಿದೆ. ಆತ ಬೆರಳಿನಿಂದ ತುಣುಕನ್ನು ಹಿಡಿಯುತ್ತಾನೆ. ಕೋಶ ಜೋರಾಗಿ ಮಿಡಿಯುತ್ತದೆ. ಆಮೇಲೆ ಟ್ರೇಯನ್ನು ಕೋತಿಯ ಕಡೆ ತಳ್ಳುತ್ತಾನೆ. ತಿನ್ನುವ ವಸ್ತು ಹತ್ತಿರ ಬರುತ್ತಿದೆ, ಕೋತಿಗೆ ಆಸೆ ಜಾಸ್ತಿಯಾಗಿರಬೇಕು, ಆದರೂ ಕೋಶ ಸುಮ್ಮನಾಗಿದೆ. ಕೋತಿ ತಾನೇ ಕೈ ಚಾಚಿ ಹಿಡಿದಾಗ ಮತ್ತೆ ಮಿಡಿತ. ಅಂದರೆ ಇದು ಆಹಾರ ಕಂಡ ಖುಷಿಯ ಸದ್ದಲ್ಲ. 'ಹಿಡಿಯುವುದು' ಎಂಬ ಕೆಲಸಕ್ಕೆ ಕಟ್ಟಿದ ಸದ್ದು. ಮಾಡುವವರು ಯಾರಾದರೂ ಸರಿ.

ಈ ಪ್ರಬಂಧದ ಎರಡು ಲೆಕ್ಕಗಳನ್ನು ನೆನಪಿಡಬೇಕು. ಎರಡು ಕೋತಿಗಳಲ್ಲಿ ದಾಖಲಿಸಿದ 532 ಕೋಶಗಳಲ್ಲಿ ಹೀಗೆ ವರ್ತಿಸಿದ್ದು 92. ಐದಾರರಲ್ಲಿ ಒಂದು ಅನ್ನಿ. ಇನ್ನೊಂದು ಲೆಕ್ಕವನ್ನು ಕಾರ್ಯಾಗಾರದವರು ಯಾರೂ ಹೇಳುವುದಿಲ್ಲ. 'ಕನ್ನಡಿ' ಎಂದಮೇಲೆ ನೋಡಿದ್ದೂ ಮಾಡಿದ್ದೂ ಒಂದೇ ಆಗಿರಬೇಕು, ಅಲ್ವಾ? ಈ 92ರಲ್ಲಿ ಅಷ್ಟು ಕಟ್ಟುನಿಟ್ಟಾಗಿ ಹೊಂದಿದ್ದು ಮೂರರಲ್ಲಿ ಒಂದು ಭಾಗ ಮಾತ್ರ. ಸುಮಾರು 60 ಶೇಕಡಾ ಕೋಶಗಳದ್ದು ಸಡಿಲ ಹೊಂದಿಕೆ. ಉದಾಹರಣೆಗೆ ಒಂದು ಕೋಶ, ಕೋತಿ ಎರಡು ಬೆರಳಿನಿಂದ ಎತ್ತಿದಾಗ ಮಾತ್ರ ಮಿಡಿಯುತ್ತದೆ. ಆದರೆ ನೋಡುವಾಗ ಬೆರಳಾದರೂ ಸರಿ, ಇಡೀ ಕೈಯಾದರೂ ಸರಿ. ಇದನ್ನು ಕನ್ನಡಿ ಅನ್ನುವುದಕ್ಕಿಂತ, ನೋಡಿದ ಕೆಲಸದ ಜಾತಿಯನ್ನು ಸ್ಥೂಲವಾಗಿ ಗುರುತಿಸುವ ಕೋಶ ಅನ್ನುವುದೇ ಸರಿ. ಹೆಸರಿಟ್ಟವರು ಜಾಣರು. 'ಸ್ಥೂಲ ಹೊಂದಿಕೆಯ ಕೋಶ' ಅಂತ ಇಟ್ಟಿದ್ದರೆ ಯಾವ ಭಾಷಣಕಾರರೂ ಸ್ಲೈಡ್ ಮಾಡುತ್ತಿರಲಿಲ್ಲ.

ಇನ್ನೂ ಒಂದು ಮಿತಿ ಇತ್ತು. ಆಹಾರವೇ ಇಲ್ಲದೆ ಬರಿಗಾಳಿಯಲ್ಲಿ ಹಿಡಿದಂತೆ ನಟಿಸಿದರೆ ಈ ಕೋಶಗಳು ಮಿಡಿಯಲಿಲ್ಲ. ಇಕ್ಕಳದಿಂದ ಎತ್ತಿದರೆ ಮಿಡಿತ ಇಲ್ಲ, ಇಲ್ಲವೇ ತೀರಾ ಕಡಿಮೆ. ಕೈ, ವಸ್ತು, ಎರಡೂ ಸೇರಬೇಕು. ಮನುಷ್ಯ ಮಗು ಗಾಳಿಯಲ್ಲಿ ಟಾಟಾ ಮಾಡಿದ್ದನ್ನು ನೋಡಿ ಟಾಟಾ ಮಾಡುತ್ತದೆ. ಆ ಕೆಲಸಕ್ಕೆ ಈ ಕೋಶಗಳನ್ನು ಕಾರಣ ಮಾಡುವ ಮೊದಲು ಇದನ್ನು ಯೋಚಿಸಬೇಕು.

ರಿಝೊಲಾಟಿ ಗುಂಪು ಇದರಿಂದ ಕಟ್ಟಿದ ವಾದ ಇಷ್ಟು: ಬೇರೆಯವರು ಮಾಡುವುದನ್ನು ನೋಡಿದಾಗ ಕೋತಿ ಅದನ್ನು ತನ್ನೊಳಗೆ ಮಾಡಿದಂತೆ ಮಿದುಳಿನಲ್ಲಿ ಓಡಿಸುತ್ತದೆ, ಹಾಗಾಗಿ ಅದಕ್ಕೆ ಆ ಕೆಲಸ ಅರ್ಥವಾಗುತ್ತದೆ. ವಾದಕ್ಕೆ ಬಲ ಕೊಟ್ಟದ್ದು 2001ರ ಒಂದು ಚಂದದ ಪ್ರಯೋಗ. ಮೊದಲು ಕೋತಿಗೆ ಆಹಾರ ತೋರಿಸಿದರು. ಆಮೇಲೆ ಅದರ ಮುಂದೆ ಪರದೆ ಅಡ್ಡ ಇಟ್ಟರು. ಸಂಶೋಧಕನ ಕೈ ಪರದೆಯ ಹಿಂದೆ ಹೋಯಿತು. ಹಿಡಿಯುವ ಗಳಿಗೆ ಕಾಣಲಿಲ್ಲ. ಪರೀಕ್ಷಿಸಿದ 37 ಕೋಶಗಳಲ್ಲಿ 19 ಆಗಲೂ ಮಿಡಿದವು. ಪರದೆ ಹಿಂದೆ ಆಹಾರ ಇಲ್ಲ ಎಂದು ಮೊದಲೇ ತೋರಿಸಿದ್ದರೆ, ಅದೇ ಕೈ ಅದೇ ರೀತಿ ಹೋದರೂ ಮಿಡಿತ ಇಲ್ಲ.

ಒಳ್ಳೆಯ ಪ್ರಯೋಗ, ಒಪ್ಪುತ್ತೇನೆ. ಆದರೆ ಇದನ್ನೇ ತಿರುಗಿಸಿಯೂ ಓದಬಹುದು. ಪರದೆಯ ಹಿಂದೆ ಆಹಾರ ಇದೆ ಎಂಬ ನೆನಪು ಕೋತಿಗೆ ಬೇರೆ ಎಲ್ಲಿಂದಲೋ ಬಂದಿರಬೇಕು. ಎಫ್-5 ಕಣ್ಣಿಂದ ನೇರವಾಗಿ ಏನನ್ನೂ ಪಡೆಯುವುದಿಲ್ಲ. ಮಿದುಳಿನ ಬದಿಯಲ್ಲಿರುವ ಬೇರೊಂದು ಭಾಗದಲ್ಲಿ, ಬೇರೆಯವರ ಕೈ ಚಲನೆ ನೋಡಿದಾಗ ಮಿಡಿಯುವ ಇನ್ನೊಂದು ಬಗೆಯ ಕೋಶಗಳಿವೆ. ಹಾಗಾದರೆ ಅರ್ಥ ಮಾಡಿಕೊಂಡದ್ದು ಯಾರು? ಮೊದಲೇ ಅರ್ಥವಾದ ಸುದ್ದಿ ಎಫ್-5ಕ್ಕೆ ತಲುಪಿ, 'ಆತ ಹಿಡಿಯುತ್ತಿದ್ದಾನೆ, ನಾನೇನು ಮಾಡಲಿ' ಎಂದು ಕೈ ಸಿದ್ಧವಾಗುತ್ತಿರಬಹುದಲ್ಲ? ಮದುವೆ ಊಟದಲ್ಲಿ ಪಕ್ಕದವರು ಹೋಳಿಗೆಗೆ ಕೈ ಚಾಚಿದರೆ ನಮ್ಮ ಕೈಯೂ ಸಿದ್ಧವಾಗುತ್ತದೆ. ಹೋಳಿಗೆ ಅಂದರೇನು ಎಂದು ನಮಗೆ ಹೇಳಿಕೊಟ್ಟದ್ದು ಕೈ ಅಲ್ಲ.

ಈ ಎರಡು ಓದುಗಳಲ್ಲಿ ಯಾವುದು ಸರಿ ಎಂದು ತಿಳಿಯಲು ಒಂದು ನೇರ ದಾರಿ ಇದೆ. ಆ ಕೋಶಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಕೋತಿಗೆ ಬೇರೆಯವರ ಕೆಲಸ ಅರ್ಥವಾಗುವುದು ನಿಲ್ಲುತ್ತದೆಯೇ ಎಂದು ನೋಡಬೇಕು. 2009ರಲ್ಲಿ ಅಮೆರಿಕದ ಗ್ರೆಗರಿ ಹಿಕಾಕ್ ಎತ್ತಿದ ಮುಖ್ಯ ತಕರಾರು ಇದೇ. ಈ ಕೋಶಗಳಿಂದಲೇ ಕೋತಿಗೆ ಅರ್ಥವಾಗುತ್ತದೆ ಎಂಬುದಕ್ಕೆ ಕೋತಿಗಳಲ್ಲೇ ಪುರಾವೆ ಇಲ್ಲ ಎಂದರು. ಕೋಶ ಮಿಡಿಯುವುದು ಒಂದು, ಆ ಮಿಡಿತದಿಂದ ಏನಾದರೂ ಆಗುವುದು ಇನ್ನೊಂದು.

ಈಗ ಅನುಕರಣೆಗೆ ಬರೋಣ. ಇಲ್ಲಿ ಕಥೆ ಇನ್ನೂ ವಿಚಿತ್ರ. ಮಿರರ್ ನ್ಯೂರಾನ್ ಸಿಕ್ಕಿದ್ದು ಮಕಾಕ್ ಕೋತಿಯಲ್ಲಿ. ಮಕಾಕ್ ಕೋತಿ ಅನುಕರಣೆಯಲ್ಲಿ ದಡ್ಡ. 'ಕೋತಿ ಚೇಷ್ಟೆ' ಎಂಬ ನಮ್ಮ ಮಾತು ಕೇಳಿ ಅವು ನೋಡಿದ್ದನ್ನೆಲ್ಲ ಮಾಡುತ್ತವೆ ಅಂದುಕೊಂಡಿರುತ್ತೇವೆ. ಆದರೆ ಇನ್ನೊಬ್ಬರು ಮಾಡಿದ ಹೊಸ ಕೆಲಸವನ್ನು ಹಾಗೇ ನೋಡಿ ಕಲಿಯುವುದರಲ್ಲಿ ದೊಡ್ಡ ಮಕಾಕ್‌ಗಳು ಮನುಷ್ಯ ಮಕ್ಕಳ ಹತ್ತಿರಕ್ಕೂ ಬರುವುದಿಲ್ಲ. ಕೋಶ ಇದೆ, ಅನುಕರಣೆ ಇಲ್ಲ. ಹಾಗಾದರೆ ಅನುಕರಣೆಗೆ ಆ ಕೋಶವೊಂದೇ ಸಾಲದು ಎಂದಾಯಿತು. ಈ ಮಾತನ್ನು ರಿಝೊಲಾಟಿ ಕಡೆಯವರೂ ಒಪ್ಪುತ್ತಾರೆ.

ದೊಡ್ಡವರು ನಾಲಗೆ ಚಾಚಿದರೆ ಎಳೆಯ ಕೂಸೂ ನಾಲಗೆ ಚಾಚುತ್ತದೆ ಎಂಬ 1977ರ ವರದಿಯನ್ನು ಬಹಳ ಜನ ಇದರ ಪರ ಸಾಕ್ಷಿಯಾಗಿ ಕೊಡುತ್ತಿದ್ದರು. ಹುಟ್ಟಿನಿಂದಲೇ ಕನ್ನಡಿ ಇದೆ, ನೋಡಿ, ಅಂತ. 2016ರಲ್ಲಿ ಆಸ್ಟ್ರೇಲಿಯಾದ ಗುಂಪೊಂದು 106 ಕೂಸುಗಳನ್ನು ಒಂದು ವಾರದಿಂದ ಒಂಬತ್ತು ವಾರದವರೆಗೆ ನಾಲ್ಕು ಸಲ ಪರೀಕ್ಷಿಸಿತು. ಹನ್ನೊಂದು ಬಗೆಯ ಮುಖ, ಕೈ ಚೇಷ್ಟೆ, ಸದ್ದುಗಳನ್ನು ತೋರಿಸಿದರು. ನಾಲಗೆ ಚಾಚಿದಾಗ ಕೂಸು ನಾಲಗೆ ಚಾಚಿದ್ದು ನಿಜ. ಆದರೆ ಬಾಯಿ ತೆರೆದಾಗ, ನಕ್ಕಾಗಲೂ ಅಷ್ಟೇ ಸಲ ನಾಲಗೆ ಚಾಚಿತು. ಕೂಸು ಸುಮ್ನೆ ಖುಷಿಯಿಂದ ನಾಲಗೆ ಆಡಿಸುತ್ತಿರಬಹುದು ಅಷ್ಟೆ. ಹಳೆಯ ಪ್ರಯೋಗಗಳು ಕೆಲವೇ ಚೇಷ್ಟೆಗಳನ್ನು ಹೋಲಿಸಿದ್ದರಿಂದ ಇದು ಕಣ್ಣಿಗೆ ಬಿದ್ದಿರಲಿಲ್ಲ. ಇದರ ಮೇಲೂ ತಕರಾರುಗಳು ಇವೆ, ವಾದ ಪೂರ್ತಿ ಮುಗಿದಿಲ್ಲ. ಆದರೆ ಮೊದಲಿನ ಧೈರ್ಯ ಬಹಳ ಜನರಿಗೆ ಉಳಿದಿಲ್ಲ.

ಹುಟ್ಟಿನಿಂದ ಬರದಿದ್ದರೆ ಈ ಹೊಂದಿಕೆ ಎಲ್ಲಿಂದ ಬಂತು? ಬ್ರಿಟನ್ನಿನ ಸಿಸಿಲಿಯಾ ಹೇಯ್ಸ್ ಹೇಳುವುದು ಸರಳ: ಕಲಿತದ್ದು. ಮಗು ತನ್ನ ಕೈಯನ್ನು ತಾನೇ ನೋಡುತ್ತದೆ. ಕೈ ಮುಚ್ಚುವ ಆಜ್ಞೆಯೂ ಕೈ ಮುಚ್ಚಿದ ನೋಟವೂ ದಿನಕ್ಕೆ ನೂರು ಸಲ ಒಟ್ಟಿಗೆ ಬರುತ್ತವೆ. ಒಟ್ಟಿಗೆ ಬಂದದ್ದು ಮಿದುಳಲ್ಲಿ ಜೋಡಿಯಾಗುತ್ತದೆ. ಅಮ್ಮ ಮಗುವಿನ ನಗುವನ್ನು ತಿರುಗಿ ನಕ್ಕು ತೋರಿಸುತ್ತಾಳೆ, ಅದೂ ಒಂದು ಜೋಡಿ.

ಇದು ಬರೀ ಮಾತಲ್ಲ ಎಂದು ತೋರಿಸಿದ್ದು 2007ರಲ್ಲಿ ಕ್ಯಾರೊಲೈನ್ ಕ್ಯಾಟ್ಮರ್ ಮತ್ತು ಹೇಯ್ಸ್ ಸೇರಿ ಮಾಡಿದ ಬೆರಳಿನ ಪ್ರಯೋಗ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇದೇ. ನಿಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟು ತೋರುಬೆರಳನ್ನು ಪಕ್ಕಕ್ಕೆ ಸರಿಸಿ. ಅದನ್ನು ಎಳೆಯುವ ಸ್ನಾಯು ಬೇರೆ, ಕಿರುಬೆರಳನ್ನು ಸರಿಸುವ ಸ್ನಾಯು ಬೇರೆ. ತಲೆಯ ಮೇಲೆ ಒಂದು ಸುರುಳಿ ಹಿಡಿದು ಕಾಂತದ ಮಿಡಿತ ಕೊಟ್ಟರೆ ಕೈ ಸ್ನಾಯುಗಳು ಸಣ್ಣಗೆ ಅದುರುತ್ತವೆ. ಇದಕ್ಕೆ ಟಿಎಂಎಸ್ ಎನ್ನುತ್ತಾರೆ. ಆ ಹೊತ್ತಲ್ಲಿ ನೀವು ಬೇರೆಯವರ ತೋರುಬೆರಳು ಸರಿಯುವುದನ್ನು ನೋಡುತ್ತಿದ್ದರೆ, ನಿಮ್ಮ ತೋರುಬೆರಳಿನ ಸ್ನಾಯು ಸ್ವಲ್ಪ ಜಾಸ್ತಿ ಅದುರುತ್ತದೆ. ಕಿರುಬೆರಳು ನೋಡಿದರೆ ಕಿರುಬೆರಳಿನದು. ಇದು ಮನುಷ್ಯನ 'ಕನ್ನಡಿ'ಯ ಅಳತೆ.

ಸಂಶೋಧಕರು ಒಂದು ಗುಂಪಿಗೆ ಉಲ್ಟಾ ಅಭ್ಯಾಸ ಮಾಡಿಸಿದರು. ಪರದೆ ಮೇಲೆ ತೋರುಬೆರಳು ಸರಿದರೆ ನೀವು ಕಿರುಬೆರಳು ಸರಿಸಿ, ಕಿರುಬೆರಳು ಸರಿದರೆ ತೋರುಬೆರಳು. ಇದನ್ನೇ ಮತ್ತೆ ಮತ್ತೆ. ಆಮೇಲೆ ಏನೂ ಮಾಡದೆ ಸುಮ್ಮನೆ ನೋಡಲು ಹೇಳಿ ಮತ್ತೆ ಅಳೆದರು. ಕನ್ನಡಿ ತಿರುಗಿಬಿಟ್ಟಿತ್ತು! ತೋರುಬೆರಳು ನೋಡಿದರೆ ಈಗ ಕಿರುಬೆರಳಿನ ಸ್ನಾಯು ಜಾಸ್ತಿ ಅದುರುತ್ತಿತ್ತು. ಕಂಡ ಬೆರಳನ್ನೇ ಸರಿಸುವ ಅಭ್ಯಾಸ ಮಾಡಿದ ಇನ್ನೊಂದು ಗುಂಪಿನಲ್ಲಿ ಹೀಗಾಗಲಿಲ್ಲ.

ಇದರ ತೂಕ ನೋಡಿ. 'ಅರ್ಥ ಮಾಡಿಕೊಳ್ಳಲೆಂದೇ' ವಿಕಾಸದಲ್ಲಿ ಕಟ್ಟಿಕೊಂಡ ಯಂತ್ರವಾಗಿದ್ದರೆ, ಅದು ಇಷ್ಟು ಅಭ್ಯಾಸಕ್ಕೆ ತಲೆಕೆಳಗಾಗುವುದು ಕಷ್ಟ. ಅಭ್ಯಾಸ ಮಾಡಿದವರಿಗೆ ತೋರುಬೆರಳು ಕಂಡರೆ ಕಿರುಬೆರಳು ಅನ್ನಿಸಿತೇ? ಅನ್ನಿಸಿರಲಾರದು. ಅವರ ಕೈ ಬದಲಾಯಿತು, ನೋಡಿದ್ದರ ಅರ್ಥ ಬದಲಾಯಿತು ಎನ್ನಲು ಕಾರಣ ಕಾಣದು. ನನ್ನ ಲೆಕ್ಕದಲ್ಲಿ ಅನುಕರಣೆಯ ವಾದಕ್ಕೆ ಇಲ್ಲಿ ದೊಡ್ಡ ತಿದ್ದುಪಡಿ ಬೇಕು. ಅನುಕರಣೆ ಮಾಡಲು ಇಂಥ ಜೋಡಿಗಳು ನೆರವಾಗುತ್ತವೆ, ನಿಜ. ಆದರೆ ಆ ಜೋಡಿಗಳೇ ಎಷ್ಟೋ ಮಟ್ಟಿಗೆ ಅನುಕರಣೆಯ ಆಟದಿಂದ ಹುಟ್ಟಿದವು. ಹಾಗಿರುವಾಗ ಕಾರಣ ಯಾವುದು, ಫಲ ಯಾವುದು ಎಂದು ಸ್ಲೈಡಿನವರು ಹೇಗೆ ಬೇರ್ಪಡಿಸಿದರೋ.

ಇಲ್ಲಿ ಅಳತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮನುಷ್ಯರ ಮಿದುಳಿಗೆ ತಂತಿ ಇಳಿಸುವಂತಿಲ್ಲ. ಅದಕ್ಕೇ ಹೆಚ್ಚಿನವರು ಸ್ಕ್ಯಾನ್ ಮಾಡುತ್ತಾರೆ. ಎಫ್‌ಎಂಆರ್‌ಐ ಚಿತ್ರದ ಒಂದು ಚುಕ್ಕೆಯೊಳಗೆ ಲಕ್ಷಗಟ್ಟಲೆ ಕೋಶಗಳಿರುತ್ತವೆ. ಮಾಡುವಾಗಲೂ ನೋಡುವಾಗಲೂ ಒಂದೇ ಚುಕ್ಕೆ ಬೆಳಗಿದರೆ, ಒಂದೇ ಕೋಶಗಳು ಮಿಡಿದವು ಎಂದಲ್ಲ. ಒಂದೇ ಓಣಿಯ ಎರಡು ಮನೆಯಲ್ಲಿ ಬೇರೆ ಬೇರೆ ಹೊತ್ತಿಗೆ ದೀಪ ಹಚ್ಚಿದರೂ ದೂರದಿಂದ ಓಣಿಯಲ್ಲಿ ಬೆಳಕಿದೆ ಅಂತಲೇ ಕಾಣುತ್ತದೆ. ಮನುಷ್ಯರಲ್ಲಿ ಒಂದೊಂದೇ ಕೋಶವನ್ನು ಅಳೆದ ಹೆಸರಾಂತ ಅಧ್ಯಯನ 2010ರದ್ದು. ಮೂರ್ಛೆರೋಗದ ಚಿಕಿತ್ಸೆಗೆ ಹೇಗೂ ತಂತಿ ಹಾಕಿಸಿಕೊಂಡಿದ್ದ 21 ಜನರಲ್ಲಿ ನಡೆದದ್ದು. ಅವರಲ್ಲಿ ಇಂಥ ಕೋಶಗಳು ಸಿಕ್ಕವು. ಆದರೆ ಸಿಕ್ಕಿದ್ದು ನೆನಪಿಗೆ ಸಂಬಂಧಿಸಿದ ಭಾಗದಲ್ಲೂ ಚಲನೆಯ ಇನ್ನೊಂದು ಭಾಗದಲ್ಲೂ. ಕೋತಿಯ ಎಫ್-5ಕ್ಕೆ ಸಮ ಎನ್ನುವ ಜಾಗದಲ್ಲಿ ತಂತಿಯೇ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸ್ಕಿಜೋಫ್ರೇನಿಯಾ ಇರುವವರ ಮೇಲೆ ಟಿಎಂಎಸ್ ಬಳಸಿ ಅಧ್ಯಯನ ಮಾಡಿದ್ದಾರೆ, 2014ರಲ್ಲಿ ಪ್ರಕಟವಾಗಿದೆ. ಅಂಥ ವರದಿ ಓದುವಾಗ ನೆನಪಿರಬೇಕಾದ್ದು, ಉಪಕರಣ ಅಳೆದದ್ದು ಕೈ ಸ್ನಾಯುವಿನ ಅದುರುವಿಕೆಯನ್ನು. 'ಮಿರರ್ ನ್ಯೂರಾನ್ ಚಟುವಟಿಕೆ' ಎಂಬುದು ಅದರಿಂದ ಊಹಿಸಿದ್ದು.

ಕೊನೆಯ ಜಿಗಿತ, ಎಲ್ಲಕ್ಕಿಂತ ಉದ್ದದ್ದು: ಸಹಾನುಭೂತಿ. ಜೀವವಿಜ್ಞಾನಕ್ಕೆ ಡಿಎನ್‌ಎ ಮಾಡಿದ್ದನ್ನು ಮನಃಶಾಸ್ತ್ರಕ್ಕೆ ಮಿರರ್ ನ್ಯೂರಾನ್ ಮಾಡಲಿದೆ ಎಂದು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 2000ದಲ್ಲಿ ಬರೆದರು. 2009ರ ಭಾಷಣದಲ್ಲಿ ಅವಕ್ಕೆ 'ಗಾಂಧಿ ನ್ಯೂರಾನ್' ಎಂಬ ಹೆಸರನ್ನೇ ಕೊಟ್ಟರು. ನಮ್ಮ ಕಡೆಯ ಕಾರ್ಯಾಗಾರಗಳಿಗೆ ಈ ಮಾತು ಹರಿದು ಬಂದದ್ದು ಬಹುಪಾಲು ಈ ಕಾಲುವೆಯಿಂದಲೇ ಇರಬೇಕು ಎಂದು ನನ್ನ ಅನುಮಾನ.

ಆದರೆ ಹಿಡಿಯುವ ಕೈಗೆ ಮಿಡಿದ ಕೋಶ ಬೇರೆ, ನೋವಿಗೆ ಮಿಡಿಯುವುದು ಬೇರೆ. ಸಹಾನುಭೂತಿ ಬಗ್ಗೆ ಹೆಚ್ಚು ಉಲ್ಲೇಖಿಸುವ ಅಧ್ಯಯನ 2004ರ ತಾನಿಯಾ ಸಿಂಗರ್ ಅವರದ್ದು. 16 ಜೋಡಿಗಳು. ಹೆಂಗಸು ಸ್ಕ್ಯಾನರಿನಲ್ಲಿ ಮಲಗಿರುತ್ತಾಳೆ, ಸಂಗಾತಿ ಪಕ್ಕದಲ್ಲಿ ಕೂತಿರುತ್ತಾನೆ. ಒಮ್ಮೆ ಅವಳ ಕೈಗೆ, ಒಮ್ಮೆ ಅವನ ಕೈಗೆ ವಿದ್ಯುತ್ತಿನ ಚುಚ್ಚು. ಯಾರಿಗೆ ಎಂಬುದು ಅವಳಿಗೆ ತಿಳಿಯುವುದು ಪರದೆ ಮೇಲಿನ ಗುರುತಿನಿಂದ. ಅವನ ಮುಖ ಕಾಣುವುದಿಲ್ಲ. ಎರಡೂ ಸಲ ಅವಳ ಮಿದುಳಿನ ಇನ್ಸುಲಾ ಮತ್ತು ಸಿಂಗ್ಯುಲೇಟ್ ಎಂಬ ಭಾಗಗಳ ಮುಂತುದಿ ಬೆಳಗಿದವು. ಇವು ನೋವು ಎಷ್ಟು ಕಾಡುತ್ತದೆ ಎಂಬುದಕ್ಕೆ ಸಂಬಂಧಿಸಿದವು. ನೋವು ಕೈಯ ಯಾವ ಜಾಗದಲ್ಲಿ ಎಂದು ಹೇಳುವ ಭಾಗ ಅವನ ನೋವಿಗೆ ಬೆಳಗಲಿಲ್ಲ. ಇಲ್ಲಿ ಕನ್ನಡಿಗೆ ಹಿಡಿಯಲು ಏನಿತ್ತು? ಚಲನೆ ಇಲ್ಲ, ಮುಖಭಾವ ಇಲ್ಲ. ಒಂದು ಗುರುತು ನೋಡಿ 'ಈಗ ಅವನಿಗೆ' ಎಂದು ತಿಳಿದಳು, ಒಳಗೆ ಕಳವಳವಾಯಿತು. ತಿಳಿದ ಮೇಲೆ ಮಿಡಿತ, ಮಿಡಿದ ಮೇಲೆ ತಿಳಿದದ್ದಲ್ಲ.

ಇನ್ನೊಂದು ಬದಿಯಿಂದಲೂ ಪರೀಕ್ಷೆ ಆಗಿದೆ. ಮೋಬಿಯಸ್ ಸಿಂಡ್ರೋಮ್ ಇರುವವರಿಗೆ ಹುಟ್ಟಿನಿಂದ ಮುಖದ ಸ್ನಾಯು ಅಲ್ಲಾಡುವುದಿಲ್ಲ. ಬೇರೆಯವರ ನಗುವನ್ನು ತಮ್ಮ ಮುಖದಲ್ಲಿ ನಕಲು ಮಾಡಿಯೇ ಅರ್ಥ ಮಾಡಿಕೊಳ್ಳುತ್ತೇವೆ ಎನ್ನುವುದಾದರೆ ಇವರು ಸೋಲಬೇಕು. 2010ರಲ್ಲಿ ಇಂಥ 37 ಜನರಿಗೆ ಮುಖಭಾವದ ಚಿತ್ರಗಳನ್ನು ತೋರಿಸಿದಾಗ ಅವರು ಉಳಿದವರಷ್ಟೇ ಸರಿಯಾಗಿ ಗುರುತಿಸಿದರು.

ಹಾಗಂತ ಎಲ್ಲವನ್ನೂ ಗಾಳಿಗೆ ತೂರುವಂತಿಲ್ಲ. ಪರಿಸ್ಥಿತಿ ಬದಲಾಗಿದ್ದು ಇಲಿಯಿಂದ. 2019ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೀಸರ್ಸ್ ಮತ್ತು ಗಝೋಲಾ ಗುಂಪು ಇಲಿಯ ಸಿಂಗ್ಯುಲೇಟ್ ಭಾಗದಲ್ಲಿ ಒಂದೊಂದೇ ಕೋಶ ಅಳೆಯಿತು. ತನಗೆ ನೋವಾದಾಗಲೂ ಪಕ್ಕದ ಇಲಿಗೆ ಶಾಕ್ ಕೊಟ್ಟಾಗಲೂ ಮಿಡಿಯುವ ಕೋಶಗಳು ಸಿಕ್ಕವು. ಅವರು ಅಲ್ಲಿಗೇ ನಿಲ್ಲಲಿಲ್ಲ. ಔಷಧಿ ಹಾಕಿ ಆ ಭಾಗವನ್ನು ಮಂಕು ಮಾಡಿದರು. ಪಕ್ಕದ ಇಲಿಗೆ ಶಾಕ್ ಆದಾಗ ನೋಡುವ ಇಲಿ ಹೆದರಿ ಮರಗಟ್ಟುವುದು ಕಡಿಮೆಯಾಯಿತು. ತನಗೇ ಶಾಕ್ ಬರುತ್ತದೆ ಎಂಬ ಸೂಚನೆ ಕೇಳಿದಾಗಿನ ಹೆದರಿಕೆ ಹಾಗೇ ಉಳಿಯಿತು. ಹಿಕಾಕ್ ಕೇಳಿದ ಬಗೆಯ ಪರೀಕ್ಷೆ ಇದು: ನಿಲ್ಲಿಸಿ ನೋಡುವುದು. ಆದರೂ ಇಲಿ ಮರಗಟ್ಟಿದ್ದು ಗೆಳೆಯನ ಮೇಲಿನ ಕನಿಕರದಿಂದಲೋ, 'ಇಲ್ಲಿ ಅಪಾಯ ಇದೆ' ಎಂದು ತನ್ನ ಜೀವ ಉಳಿಸಿಕೊಳ್ಳಲೋ ಎಂದು ಈ ಪ್ರಯೋಗ ಹೇಳುವುದಿಲ್ಲ. ಭಯ ಅಂಟುವುದು ಸಹಾನುಭೂತಿಯ ಒಂದು ತುಂಡು ಮಾತ್ರ.

ಈ ಚರ್ಚೆಯಲ್ಲಿ ನನಗೆ ಸಿಟ್ಟು ಬರುವ ಜಾಗ ಒಂದಿದೆ, ಆಟಿಸಂ. 2005ರಲ್ಲಿ ಆಟಿಸಂ ಇರುವ ಹತ್ತು ಜನರ ಮಿದುಳಿನ ಅಲೆ ಅಳೆದು, ಅವರ ಕನ್ನಡಿ ಸರಿಯಿಲ್ಲ ಎಂಬ ವಾದ ಬಂತು. 'ಒಡೆದ ಕನ್ನಡಿ' ಎಂಬ ಹೆಸರೂ ಅಂಟಿತು. ಅದಾದ ಮೇಲೆ ಆಂಟೋನಿಯಾ ಹ್ಯಾಮಿಲ್ಟನ್ ಆಟಿಸಂ ಇರುವ ಮಕ್ಕಳಿಗೆ, ಇನ್ನೊಬ್ಬರ ಕೈ ಚಲನೆಯ ಗುರಿ ನೋಡಿ ಅದೇ ಗುರಿಗೆ ಕೈ ಒಯ್ಯುವ ಆಟ ಕೊಟ್ಟರು. ಮಕ್ಕಳು ಚೆನ್ನಾಗಿಯೇ ಮಾಡಿದರು. 2013ರಲ್ಲಿ ಅವರು 25 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಡೀ ಕನ್ನಡಿ ವ್ಯವಸ್ಥೆಯೇ ಕೆಟ್ಟಿದೆ ಎನ್ನಲು ಆಧಾರ ಸಿಗಲಿಲ್ಲ. ಆದರೆ ಆ ಹೊತ್ತಿಗೆ 'ನಿಮ್ಮ ಮಗುವಿಗೆ ಬೇರೆಯವರ ನೋವು ತಿಳಿಯುವ ಕೋಶವೇ ಕೆಲಸ ಮಾಡುವುದಿಲ್ಲ' ಎಂದು ಎಷ್ಟು ತಾಯಂದಿರ ಮುಂದೆ ಯಾರು ಯಾರು ಹೇಳಿದ್ದರೋ. ಆ ಕಾರ್ಯಾಗಾರದಲ್ಲೂ ಅಂಥ ಒಂದು ಸ್ಲೈಡ್ ಇತ್ತು.

ಮುಗಿದ ಮೇಲೆ ಒಬ್ಬ ಟೀಚರ್ ಬಂದು, "ಸರ್, ನೀವು ಪ್ರಶ್ನೆ ಕೇಳಿದ್ರಲ್ಲ, ಹಾಗಾದ್ರೆ ಆ ಪೋಸ್ಟರ್ ಸ್ಟಾಫ್ ರೂಮಲ್ಲಿ ಹಾಕೋದಾ ಬೇಡ್ವಾ?" ಎಂದರು. ಕೈಯಲ್ಲಿ ಆ ಮೊದಲ ಸ್ಲೈಡಿನ ಪ್ರಿಂಟ್ ಇತ್ತು.

"ಹಾಕಿ ಮೇಡಂ," ಎಂದೆ. "ಆಟಿಸಂದು ಮಾತ್ರ ಬೇಡ. ಇದರಲ್ಲಿ 'ಕಲಿಯುತ್ತದೆ' ಆದ ಮೇಲೆ ಒಂದು ಫುಲ್‌ಸ್ಟಾಪ್ ಇಟ್ಟು ಉಳಿದದ್ದು ಕತ್ತರಿಸಿಬಿಡಿ."

ಅವರು ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡರು.